‘ಸರ್ಕಾರಿ ನೋಂದಾಯಿತ’ ಎಂದಿದ್ದರೆ ಸಾಕೇ? ಸುದ್ದಿತಾಣದ ಸಂಪಾದಕ, ಮಾಲೀಕ, ತಿದ್ದುಪಡಿ ಹುಡುಕುವ ಬಗೆ

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕು, ಎರಡು ಎಕರೆ ಟೊಮೇಟೊ ಇದೆ. ಊರಿನ ವಾಟ್ಸಾಪ್ ಗ್ರೂಪಿಗೆ ‘ಕೋಲಾರ ಎಪಿಎಂಸಿ ಹತ್ತು ದಿನ ಬಂದ್’ ಅಂತ ಒಂದು ಸುದ್ದಿ ಜಾಲತಾಣದ ಲಿಂಕ್ ಬಂತು. ತಾಣದ ಕೆಳಗೆ ‘ಸರ್ಕಾರದಿಂದ ನೋಂದಾಯಿತ’ ಎಂದು ಬರೆದು ಒಂದು ಉದ್ಯಮ್ ನಂಬರ್, KARKAN ಎಂದು ಶುರುವಾಗುವ ಇನ್ನೊಂದು ನಂಬರ್ ಕೊಟ್ಟಿದ್ದಾರೆ. ಸಂಪಾದಕರ ಹೆಸರು ಎಲ್ಲೂ ಸಿಗಲಿಲ್ಲ. ರಾತ್ರಿ ಮತ್ತೆ ನೋಡಿದರೆ ತಲೆಬರಹ ‘ಮೂರು ದಿನ’ ಆಗಿತ್ತು. ಇಂಥ ತಾಣವನ್ನು ನಂಬಬಹುದೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಸ್ಕ್ರೀನ್‌ಶಾಟ್ ಕಳಿಸಿದ್ದೇನೆ.

ಉತ್ತರ: ಮೊದಲು ಬೆಳೆಯ ಮಾತು. ಆ ತಾಣವನ್ನು ನಂಬಿ ಕೊಯ್ಲು ನಿಲ್ಲಿಸಬೇಡಿ, ತೋಟದ ಹತ್ತಿರ ಬಂದವರಿಗೆ ಅಗ್ಗಕ್ಕೆ ಕೊಡಲೂ ಹೋಗಬೇಡಿ. ನೀವು ಬಾಕ್ಸ್ ಕಳಿಸುವ ಮಂಡಿಗೆ ಒಂದು ಫೋನ್, ಎಪಿಎಂಸಿ ಕಚೇರಿಗೆ ಇನ್ನೊಂದು ಫೋನ್ ಮಾಡಿ. ‘ಕೃಷಿ ಮಾರಾಟ ವಾಹಿನಿ’ ತಾಣದಲ್ಲಿ ಕೋಲಾರದ ಟೊಮೇಟೊ ಆವಕ ಮತ್ತು ದರ ನೋಡಿ. ನಿನ್ನೆಯ ಆವಕ ದಾಖಲಾಗಿದ್ದರೆ ನಿನ್ನೆ ಮಾರುಕಟ್ಟೆ ನಡೆದಿದೆ ಎಂದರ್ಥ. ತಾಣವೊಂದರ ಯೋಗ್ಯತೆ ಅಳೆಯಲು ಅರ್ಧ ಗಂಟೆ ಬೇಕು. ಬಂದ್ ಇದೆಯೋ ಇಲ್ಲವೋ ತಿಳಿಯಲು ಎರಡು ನಿಮಿಷ ಸಾಕು.

ಇನ್ನು ತಾಣದ ವಿಚಾರ. ನಿಮ್ಮ ಸ್ಕ್ರೀನ್‌ಶಾಟ್‌ಗಳಲ್ಲಿ ಮೂರು ಸಂಗತಿ ಕಾಣುತ್ತವೆ: ನೋಂದಣಿ ಎಂದು ತೋರಿಸಿರುವ ನಂಬರುಗಳು, ಇಲ್ಲದ ಸಂಪಾದಕ, ಸದ್ದಿಲ್ಲದೆ ಬದಲಾದ ತಲೆಬರಹ. ಹೆಚ್ಚಿನವರು ಮೊದಲನೆಯದನ್ನು ನೋಡಿ ನಂಬುತ್ತಾರೆ, ಇನ್ನು ಕೆಲವರು ಎರಡನೆಯದನ್ನು ನೋಡಿ ಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ತೂಕದ್ದು ಮೂರನೆಯದು.

ನಂಬರುಗಳಿಂದ ಶುರು ಮಾಡೋಣ, ಏಕೆಂದರೆ ಅವು ನೋಡಲು ಭಾರಿ, ಒಳಗೆ ಟೊಳ್ಳು. UDYAM-KR ಎಂದು ಶುರುವಾಗುವುದು ಸಣ್ಣ ಉದ್ದಿಮೆಯ ನೋಂದಣಿ. ಆಧಾರ್, ಪ್ಯಾನ್ ಕೊಟ್ಟು ತನ್ನ ವ್ಯವಹಾರದ ವಿವರವನ್ನು ತಾನೇ ಘೋಷಿಸಿಕೊಂಡರೆ ಶುಲ್ಕವಿಲ್ಲದೆ ಸಿಗುತ್ತದೆ. ಟೈಲರ್ ಅಂಗಡಿಗೂ ಅದೇ, ಹಿಟ್ಟಿನ ಗಿರಣಿಗೂ ಅದೇ. ಅದನ್ನು ಕೊಡುವ ಮುಂಚೆ ಆ ತಾಣದ ಒಂದು ಸುದ್ದಿಯನ್ನೂ ಯಾರೂ ಓದಿರುವುದಿಲ್ಲ. ಅದು ಸುಳ್ಳು ದಾಖಲೆಯಲ್ಲ, ಆದರೆ ಸುದ್ದಿಗೂ ಅದಕ್ಕೂ ಸಂಬಂಧವಿಲ್ಲ.

KARKAN ನಂಬರು ಸ್ವಲ್ಪ ಜಾಣತನದ್ದು. ಪತ್ರಿಕೆಯ ನಿಜವಾದ ನೋಂದಣಿ ಸಂಖ್ಯೆಯಲ್ಲಿ ಓರೆಗೆರೆಗಳಿರುತ್ತವೆ: ಮೊದಲು KARKAN, ಅಂದರೆ ಕರ್ನಾಟಕ ಮತ್ತು ಕನ್ನಡ, ಆಮೇಲೆ ವರ್ಷ, ಆಮೇಲೆ ಕ್ರಮಸಂಖ್ಯೆ. ನೀವು ಕಳಿಸಿದ ಚಿತ್ರದಲ್ಲಿ KARKANಗೆ ಅಂಟಿಕೊಂಡೇ ಐದು ಅಂಕಿಗಳಿವೆ. ಓರೆಗೆರೆಯೂ ಇಲ್ಲ, ವರ್ಷವೂ ಇಲ್ಲ. ಅದು ಶೀರ್ಷಿಕೆ ಸಂಕೇತ. ‘ಈ ಹೆಸರಿನಲ್ಲಿ ಪತ್ರಿಕೆ ತರಬೇಕೆಂದಿದ್ದೇವೆ’ ಎಂದು ಅರ್ಜಿ ಹಾಕಿ ಹೆಸರು ಮಂಜೂರಾದಾಗ ಸಿಗುವುದು ಅಷ್ಟು. ಪತ್ರಿಕೆ ಅಚ್ಚಾಗಿರಲೇಬೇಕೆಂದಿಲ್ಲ. ಪತ್ರಿಕೆಗಳನ್ನು ನೋಂದಾಯಿಸುವ, ಮೊದಲು ಆರ್‌ಎನ್‌ಐ ಎನ್ನುತ್ತಿದ್ದ ಕಚೇರಿ ಈಗ ಭಾರತದ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಆಗಿದೆ. prgi.gov.in ತಾಣಕ್ಕೆ ಹೋಗಿ ಶೀರ್ಷಿಕೆಯನ್ನು ಹುಡುಕಿ, ನೋಂದಣಿ ಪೂರ್ತಿಯಾಗಿದೆಯೇ, ಮಾಲೀಕರ ಹೆಸರು ಏನಿದೆ ಎಂದು ನೋಡಿ. ನೋಂದಣಿ ಪೂರ್ತಿ ಇದ್ದರೂ ಅದು ಅಚ್ಚಾಗುವ ಪತ್ರಿಕೆಯದು. 1867ರ ಹಳೆಯ ಕಾಯ್ದೆಯ ಜಾಗಕ್ಕೆ 2024ರ ಮಾರ್ಚ್ 1ರಿಂದ ಬಂದಿರುವ ಹೊಸ ಕಾಯ್ದೆಯೂ ಮುದ್ರಿತ ನಿಯತಕಾಲಿಕಗಳಿಗೆ ಮಾತ್ರ. ಜಾಲತಾಣವನ್ನು ಅದು ನೋಂದಾಯಿಸುವುದಿಲ್ಲ. ಹಾಗಾಗಿ ‘ಸರ್ಕಾರದಿಂದ ನೋಂದಾಯಿತ ಸುದ್ದಿತಾಣ’ ಎಂಬ ಮಾತಿಗೆ ಆಧಾರವಾಗಿ ಈ ಎರಡು ನಂಬರುಗಳಲ್ಲಿ ಯಾವುದೂ ನಿಲ್ಲುವುದಿಲ್ಲ.

ಈಗ ಸಂಪಾದಕ. ಮನೆಗೆ ಬರುವ ಪತ್ರಿಕೆಯ ಯಾವುದಾದರೊಂದು ಪುಟದ ತಳದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಮುದ್ರಕರು, ಪ್ರಕಾಶಕರು, ಸಂಪಾದಕರು, ಮುದ್ರಣದ ಸ್ಥಳ ಎಂದು ಒಂದು ಸಾಲು ಇರುತ್ತದೆ. ಅದು ಅಲಂಕಾರಕ್ಕಲ್ಲ. ಏನು ಅಚ್ಚಾಗಬೇಕು ಎಂಬ ಆಯ್ಕೆ ಯಾರ ಕೈಯಲ್ಲಿದೆಯೋ ಅವರೇ ಸಂಪಾದಕ ಎಂದು ಹಳೆಯ ಕಾಯ್ದೆ ಹೇಳುತ್ತಿತ್ತು. ಆ ಸಾಲಿನಲ್ಲಿ ಹೆಸರಿದ್ದವರ ಮೇಲೆ ಮಾನನಷ್ಟದ ಕೇಸು ಬಿದ್ದರೆ, ‘ಆ ಸುದ್ದಿ ನಾನು ನೋಡಿಲ್ಲ’ ಎಂದು ಸಾಬೀತು ಮಾಡುವ ಹೊರೆ ಅವರದೇ. ಸಂಪಾದಕರ ಹೆಸರನ್ನು ನಾವು ಹುಡುಕುವುದು ಇದಕ್ಕೇ. ತಪ್ಪಾದರೆ ನೋಟಿಸ್ ಯಾರ ಮನೆ ಬಾಗಿಲಿಗೆ ಹೋಗುತ್ತದೆ ಎಂದು ಗೊತ್ತಿರುವ ಮನುಷ್ಯ, ಪ್ರಕಟಿಸುವ ಮುಂಚೆ ಎಪಿಎಂಸಿಗೆ ಒಂದು ಫೋನ್ ಮಾಡುತ್ತಾನೆ. ‘ಅಡ್ಮಿನ್’, ‘ನ್ಯೂಸ್ ಡೆಸ್ಕ್’, ‘ನಮ್ಮ ಅನುಭವಿ ತಂಡ’ ಇವರಿಗೆ ಯಾರೂ ನೋಟಿಸ್ ಕಳಿಸಲಾರರು.

ಮೊಬೈಲ್‌ನಲ್ಲಿ ಹುಡುಕುವಾಗ ಒಂದು ತೊಡಕಿದೆ. ಕೆಲವು ತಾಣಗಳಲ್ಲಿ ಕೆಳಗೆ ಸರಿಸಿದಷ್ಟೂ ಹೊಸ ಸುದ್ದಿ ಬರುತ್ತಲೇ ಇರುತ್ತದೆ, ತಳಭಾಗ ಕೈಗೆ ಸಿಗುವುದೇ ಇಲ್ಲ. ಆಗ ಮೇಲಿನ ಮೂರು ಗೆರೆಯ ಮೆನು ಒತ್ತಿ ‘ನಮ್ಮ ಬಗ್ಗೆ’, ‘ಸಂಪರ್ಕಿಸಿ’, ‘ಗೌಪ್ಯತೆ ನೀತಿ’ ಈ ಮೂರು ಪುಟಗಳನ್ನು ತೆರೆಯಿರಿ. ಹೆಸರು ಕೆಲವೊಮ್ಮೆ ಗೌಪ್ಯತೆ ನೀತಿಯ ಕೊನೆಯಲ್ಲಿ ಕುಳಿತಿರುತ್ತದೆ. ಅಲ್ಲೂ ಸಿಗದಿದ್ದರೆ ಗೂಗಲ್‌ನಲ್ಲಿ ಹೀಗೆ ಹುಡುಕಿ, `example.in` ಇರುವಲ್ಲಿ ಆ ತಾಣದ ವಿಳಾಸ ಹಾಕಿ:

```
site:example.in "ಸಂಪಾದಕರು"
site:example.in "Grievance Officer"
```

ಎರಡನೆಯ ಸಾಲು ಯಾಕೆಂದರೆ, 2021ರ ಫೆಬ್ರವರಿಯಲ್ಲಿ ಬಂದ ಡಿಜಿಟಲ್ ಮಾಧ್ಯಮ ನಿಯಮಗಳ ಪ್ರಕಾರ ಸುದ್ದಿತಾಣ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕ ವಿವರವನ್ನು ತಾಣದಲ್ಲೇ ಹಾಕಬೇಕು. ದೂರು ಬಂದರೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ ಎಂದು ನಿಯಮದಲ್ಲಿದೆ. ಆದರೆ ಈ ದೂರು ವ್ಯವಸ್ಥೆಗೆ ತಳಪಾಯವಾದ 9ನೇ ನಿಯಮದ ಎರಡು ಉಪನಿಯಮಗಳಿಗೆ ಬಾಂಬೆ ಹೈಕೋರ್ಟ್ 2021ರ ಆಗಸ್ಟ್‌ನಲ್ಲಿ ತಡೆ ಕೊಟ್ಟಿತು. ಹಾಗಾಗಿ ಅಧಿಕಾರಿಯ ಹೆಸರಿಲ್ಲದ ತಾಣಕ್ಕೆ ನಾಳೆಯೇ ದಂಡ ಬೀಳುತ್ತದೆ ಎಂದು ಭಾವಿಸಬೇಡಿ. ಹೆಸರು ಹಾಕಿದ್ದರೆ, ಆ ಇಮೇಲ್‌ಗೆ ಉತ್ತರವೂ ಬಂದರೆ, ಅದು ಒಳ್ಳೆಯ ಲಕ್ಷಣ ಎಂದಿಟ್ಟುಕೊಳ್ಳಿ. ‘ಕೇಂದ್ರ ಸಚಿವಾಲಯಕ್ಕೆ ವಿವರ ಸಲ್ಲಿಸಿದ್ದೇವೆ’ ಎಂಬ ಸಾಲೂ ಕೆಲವೆಡೆ ಇರುತ್ತದೆ. ಅದು ಅದೇ ನಿಯಮಗಳಡಿ ಕೊಡುವ ಮಾಹಿತಿ. ಅನುಮತಿ ಅಲ್ಲ, ಮೆಚ್ಚುಗೆಯೂ ಅಲ್ಲ.

ಹೆಸರು ಸಿಕ್ಕಿತು ಅನ್ನಿ. ಅದು ನಿಜವಾದ ಮನುಷ್ಯನದೇ? ಹೆಸರಿನ ಜೊತೆ ಕೋಲಾರ, ಚಿಕ್ಕಬಳ್ಳಾಪುರ ಎಂದು ಸೇರಿಸಿ ಹುಡುಕಿದರೆ ಹಳೆಯ ವರದಿ, ಪತ್ರಕರ್ತರ ಸಂಘದ ಸಭೆಯ ಸುದ್ದಿ, ಏನಾದರೊಂದು ಸಿಗಬೇಕು. ನಮ್ಮ ಜಿಲ್ಲೆಗಳು ಅಷ್ಟೇನೂ ದೊಡ್ಡವಲ್ಲ. ಜಿಲ್ಲಾ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಕಚೇರಿಯವರಿಗೆ ಓಡಾಡುವ ವರದಿಗಾರರೆಲ್ಲ ಸಾಮಾನ್ಯವಾಗಿ ಗೊತ್ತಿರುತ್ತಾರೆ. ಇನ್ನೊಂದು ಮಾತು: ವರದಿಗಾರನ ಹೆಸರಿಲ್ಲ ಎಂದ ಮಾತ್ರಕ್ಕೆ ಅನುಮಾನ ಬೇಡ. ಕಲ್ಲು ಕ್ವಾರಿ, ಮರಳು ದಂಧೆ ಬಗ್ಗೆ ಬರೆಯುವವರು ಅದೇ ತಾಲ್ಲೂಕಿನಲ್ಲಿ ಬದುಕಬೇಕಲ್ಲ. ವರದಿಗಾರ ಮರೆಯಲ್ಲಿರಬಹುದು. ಅವನ ಪರವಾಗಿ ಮುಂದೆ ನಿಲ್ಲಬೇಕಾದ ಸಂಪಾದಕನೇ ಮರೆಯಲ್ಲಿ ನಿಂತರೆ ಆಗದು.

ಮಾಲೀಕರ ಹುಡುಕಾಟ ತಾಣದಲ್ಲಿ ಏನು ಬರೆದಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ‘ಪ್ರೈವೇಟ್ ಲಿಮಿಟೆಡ್’ ಎಂದಿದ್ದರೆ ಕೆಲಸ ಸುಲಭ. mca.gov.in ತಾಣದಲ್ಲಿ ಕಂಪನಿಯ ಮಾಸ್ಟರ್ ಡೇಟಾ ತೆರೆದರೆ ನೋಂದಾಯಿತ ವಿಳಾಸ, ಶುರುವಾದ ದಿನಾಂಕ, ನಿರ್ದೇಶಕರ ವಿವರ ಸಿಗುತ್ತದೆ. ಕಂಪನಿಯ ಗುರುತಿನ ಸಂಖ್ಯೆ 21 ಅಕ್ಷರಗಳದ್ದು. ನಡುವೆ ಬರುವ KA ರಾಜ್ಯ, ಅದರ ಪಕ್ಕದ ನಾಲ್ಕು ಅಂಕಿ ಕಂಪನಿ ಹುಟ್ಟಿದ ವರ್ಷ. ‘ಇಪ್ಪತ್ತು ವರ್ಷದಿಂದ ಜನರ ದನಿ’ ಎಂದು ಬರೆದುಕೊಂಡ ತಾಣದ ಕಂಪನಿಯ ಸಂಖ್ಯೆಯಲ್ಲಿ 2023 ಎಂದಿದ್ದರೆ ಒಂದು ಪ್ರಶ್ನೆ ಹುಟ್ಟುತ್ತದೆ. ಆದರೆ ಜಿಲ್ಲಾ ಮಟ್ಟದ ಅನೇಕ ತಾಣಗಳು ಕಂಪನಿಯೇ ಅಲ್ಲ, ಒಬ್ಬರ ಸ್ವಂತ ವ್ಯವಹಾರ. ಅವು ಅಲ್ಲಿ ಸಿಗುವುದಿಲ್ಲ, ಸಿಗದಿರುವುದು ತಪ್ಪೂ ಅಲ್ಲ. ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ services.gst.gov.in ನಲ್ಲಿ ಹಾಕಿ ನೋಡಿ, ಅಂಗಡಿ ಹೆಸರಿನ ಹಿಂದಿರುವ ಮಾಲೀಕರ ಹೆಸರು ಬರುತ್ತದೆ. ಕರ್ನಾಟಕದ ನಂಬರ್ 29ರಿಂದ ಶುರುವಾಗಬೇಕು.

ಏನೂ ಕೊಡದೆ ಬಚ್ಚಿಟ್ಟುಕೊಂಡ ತಾಣಕ್ಕೂ ಒಂದು ಹಿಂಬಾಗಿಲಿದೆ. ಜಾಹೀರಾತು ಹಾಕುವ ತಾಣಗಳು ಸಾಮಾನ್ಯವಾಗಿ `ads.txt` ಎಂಬ ಕಡತ ಇಟ್ಟಿರುತ್ತವೆ. ತಾಣದ ಮುಖಪುಟದ ವಿಳಾಸದ ಕೊನೆಗೆ ಓರೆಗೆರೆ ಹಾಕಿ ಅದನ್ನು ಸೇರಿಸಿದರೆ ಇಂಥ ಸಾಲು ಕಾಣುತ್ತದೆ:

```
google.com, pub-0000000000000000, DIRECT, f08c47fec0942fa0
```

`pub-` ಮುಂದಿನ 16 ಅಂಕಿ ಜಾಹೀರಾತಿನ ದುಡ್ಡು ಹೋಗುವ ಖಾತೆ. DIRECT ಎಂದರೆ ತಾಣದವರೇ ನೇರವಾಗಿ ನಡೆಸುವ ಖಾತೆ. ಕೊನೆಯ ಸಂಕೇತ ಗೂಗಲ್‌ನದು, ಎಲ್ಲ ತಾಣಗಳಲ್ಲೂ ಒಂದೇ ಇರುತ್ತದೆ, ಅದನ್ನು ಹೋಲಿಸಿ ಪ್ರಯೋಜನವಿಲ್ಲ. ನೀವು ಅನುಮಾನಿಸುವ ಇನ್ನೊಂದು ತಾಣದಲ್ಲೂ ಅದೇ `pub-` ಅಂಕಿಗಳು DIRECT ಎಂದು ಇದ್ದರೆ ಎರಡರ ದುಡ್ಡೂ ಒಂದೇ ಜೇಬಿಗೆ ಹೋಗುತ್ತಿರುವ ಸಾಧ್ಯತೆ ಹೆಚ್ಚು. RESELLER ಎಂದಿರುವ ಸಾಲುಗಳಿಂದ ಏನನ್ನೂ ಊಹಿಸಬೇಡಿ. ಅವು ನಡುವಿನ ದಲ್ಲಾಳಿಗಳ ಖಾತೆ, ನೂರಾರು ತಾಣಗಳಲ್ಲಿ ಒಂದೇ ಇರಬಹುದು.

ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆಂದರೆ, ಮಾರುಕಟ್ಟೆ ಸುದ್ದಿಯಲ್ಲಿ ಮಾಲೀಕ ಯಾರು ಎನ್ನುವುದೇ ಸುದ್ದಿಯ ಅರ್ಧ. ಹತ್ತು ದಿನ ಬಂದ್ ಎಂದು ಹಬ್ಬಿದರೆ, ಹಣ್ಣಾದ ಟೊಮೇಟೊ ಕಾಯುವುದಿಲ್ಲವಾದ್ದರಿಂದ, 15 ಕೆ.ಜಿ. ಬಾಕ್ಸನ್ನು ಸಿಕ್ಕ ಬೆಲೆಗೆ ಕೊಡುವವರು ಇರುತ್ತಾರೆ, ಕೊಳ್ಳಲು ಕಾದಿರುವವರೂ ಇರುತ್ತಾರೆ. ನಿಮ್ಮ ತಾಣದ ಹಿಂದೆ ಅಂಥವರಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಮಾಲೀಕ ಯಾರೆಂದು ಗೊತ್ತಿಲ್ಲದಿದ್ದರೆ ಇಲ್ಲ ಎನ್ನಲೂ ಆಗುವುದಿಲ್ಲ, ಅಷ್ಟೇ.

ಈಗ ಮುಖ್ಯವಾದ ಭಾಗ, ತಿದ್ದುಪಡಿ. ‘ನಮ್ಮ ಬಗ್ಗೆ’ ಪುಟವನ್ನು ಒಂದು ಮಧ್ಯಾಹ್ನ ಕುಳಿತು ಚೆಂದವಾಗಿ ಬರೆಯಬಹುದು, ಹೆಸರನ್ನೂ ಹಾಕಬಹುದು. ಆದರೆ ‘ನಾವು ಬರೆದದ್ದು ತಪ್ಪಾಗಿತ್ತು’ ಎಂದು ಸುದ್ದಿಯ ಕೆಳಗೆ ಬರೆಯುವುದಕ್ಕೆ ಮಾನ ಖರ್ಚಾಗುತ್ತದೆ. ಹಾಗೆ ಖರ್ಚು ಮಾಡಿದ ಗುರುತು ಇದೆಯೇ ಎಂದು ನೋಡಬೇಕು. ‘ತಿದ್ದುಪಡಿ ನೀತಿ’ಯ ಪುಟ ಇದ್ದ ಮಾತ್ರಕ್ಕೆ ಸಾಲದು. ಅದರಲ್ಲಿರುವ ಒಂದು ಉದ್ದ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿದರೆ, ಎಷ್ಟೋ ಸಲ ಅದೇ ವಾಕ್ಯ ಬೇರೆ ಹತ್ತು ತಾಣಗಳಲ್ಲಿ ಅಕ್ಷರ ತಪ್ಪದೆ ಸಿಗುತ್ತದೆ. ನಕಲು ಮಾಡುವಾಗ ಹಳೆಯ ತಾಣದ ಹೆಸರನ್ನೇ ಅಳಿಸದೆ ಬಿಟ್ಟಿರುವುದೂ ಉಂಟು. ನಿಜವಾದ ನೀತಿಯಲ್ಲಿ ಮೂರು ಸಂಗತಿ ಇರುತ್ತವೆ: ತಪ್ಪನ್ನು ಯಾರಿಗೆ, ಯಾವ ವಿಳಾಸಕ್ಕೆ ತಿಳಿಸಬೇಕು, ತಿದ್ದಿದ ಮೇಲೆ ಟಿಪ್ಪಣಿ ಎಲ್ಲಿ ಹಾಕುತ್ತಾರೆ, ಪೂರ್ತಿ ತಪ್ಪಾದ ಸುದ್ದಿಯನ್ನು ಅಳಿಸುತ್ತಾರೋ, ಉಳಿಸಿಕೊಂಡು ಹಿಂತೆಗೆದುಕೊಂಡಿದ್ದೇವೆ ಎನ್ನುತ್ತಾರೋ.

ಗುರುತು ಹುಡುಕುವಾಗ ಕನ್ನಡದಲ್ಲೊಂದು ಪಜೀತಿ ಇದೆ. `site:` ಜೊತೆ ‘ತಿದ್ದುಪಡಿ’ ಎಂದು ಹುಡುಕಿದರೆ ಮಸೂದೆ ತಿದ್ದುಪಡಿ, ಪಹಣಿ ತಿದ್ದುಪಡಿ, ರೇಷನ್ ಕಾರ್ಡ್ ತಿದ್ದುಪಡಿಯ ಸುದ್ದಿಗಳೇ ರಾಶಿ ಬೀಳುತ್ತವೆ. ‘ಸ್ಪಷ್ಟನೆ’ ಎಂದರೆ ಮಂತ್ರಿಗಳ ಸ್ಪಷ್ಟನೆಗಳು. ಅದಕ್ಕೇ ತಪ್ಪೊಪ್ಪುವಾಗ ಪತ್ರಿಕೆಯವರು ನಿಜಕ್ಕೂ ಬಳಸುವ ಪದಪುಂಜ ಹಾಕಬೇಕು:

```
site:example.in "ತಪ್ಪಾಗಿ ಪ್ರಕಟವಾಗಿತ್ತು"
site:example.in "ವಿಷಾದಿಸುತ್ತೇವೆ"
```

ಎರಡು ವರ್ಷ ದಿನಕ್ಕೆ ಇಪ್ಪತ್ತು ಸುದ್ದಿ ಹಾಕಿದ ತಾಣದಲ್ಲಿ ಒಂದೂ ಸಿಗದಿದ್ದರೆ, ಅವರು ತಪ್ಪೇ ಮಾಡಿಲ್ಲ ಎಂದಲ್ಲ. ತಪ್ಪುಗಳನ್ನು ಅಳಿಸಿದ್ದಾರೆ, ಇಲ್ಲವೇ ಹಾಗೇ ಬಿಟ್ಟಿದ್ದಾರೆ. ಗೂಗಲ್ ಎಲ್ಲ ಪುಟಗಳನ್ನೂ ಪಟ್ಟಿ ಮಾಡಿರುವುದಿಲ್ಲ ಎನ್ನುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮ ಸುದ್ದಿಯಲ್ಲಿ ಅಳಿಸಿದ್ದಕ್ಕೆ ಸಾಕ್ಷಿ ಮೂರು ಕಡೆ ಇದೆ. ಮೊದಲನೆಯದು ನಿಮ್ಮ ಗ್ರೂಪಿನಲ್ಲೇ. ಲಿಂಕ್ ಕಳಿಸಿದ ಕ್ಷಣದಲ್ಲಿದ್ದ ತಲೆಬರಹವನ್ನು ವಾಟ್ಸಾಪ್ ಮುನ್ನೋಟದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ತಾಣದವರು ಆಮೇಲೆ ಏನು ಬದಲಿಸಿದರೂ ಆ ಚೌಕ ಬದಲಾಗುವುದಿಲ್ಲ. ಅದರಲ್ಲಿ ಇವತ್ತಿಗೂ ‘ಹತ್ತು ದಿನ’ ಎಂದೇ ಇದೆ. ಎರಡನೆಯದು ವಿಳಾಸದ ಬಾಲ. ನಿಮ್ಮ ಚಿತ್ರದಲ್ಲಿ ಅದು `kolar-apmc-10-days-bandh` ಎಂದು ಮುಗಿಯುತ್ತದೆ, ಮೇಲಿನ ತಲೆಬರಹ ಮಾತ್ರ ‘ಮೂರು ದಿನ’. ತಲೆಬರಹ ತಿದ್ದಿದವರು ವಿಳಾಸವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಮುಟ್ಟಿದರೆ ಹಂಚಿಹೋದ ಲಿಂಕುಗಳೆಲ್ಲ ಮುರಿಯುವ ಭಯ. ಮೂರನೆಯದು ಪುಟದ ಒಡಲಲ್ಲಿದೆ. ಆಂಡ್ರಾಯ್ಡ್ ಮೊಬೈಲ್‌ನ ಕ್ರೋಮ್‌ನಲ್ಲಿ ವಿಳಾಸದ ಮುಂದೆ `view-source:` ಎಂದು ಸೇರಿಸಿ ತೆರೆದು, `dateModified` ಎಂದು ಹುಡುಕಿ. ಇಂಥ ಸಾಲುಗಳು ಸಿಗುತ್ತವೆ:

```
"datePublished":"2025-06-11T01:40:22+00:00"
"dateModified":"2025-06-11T16:12:05+00:00"
```

ಕೊನೆಯಲ್ಲಿ `+00:00` ಇದ್ದರೆ ಅದು ನಮ್ಮ ಗಡಿಯಾರದ ಸಮಯವಲ್ಲ, ಐದೂವರೆ ಗಂಟೆ ಕೂಡಿಸಬೇಕು. ಮೇಲಿನ ಮಾದರಿಯಲ್ಲಿ ಬೆಳಿಗ್ಗೆ 7.10ಕ್ಕೆ ಪ್ರಕಟ, ರಾತ್ರಿ 9.42ಕ್ಕೆ ಬದಲಾವಣೆ. ಇದೊಂದನ್ನೇ ಹಿಡಿದು ತಪ್ಪು ಹೊರಿಸಲಾಗದು, ಏಕೆಂದರೆ ಚಿತ್ರ ಬದಲಿಸಿದರೂ ಈ ಸಮಯ ಬದಲಾಗುತ್ತದೆ. ಆದರೆ ವಾಟ್ಸಾಪ್ ಚೌಕ ಮತ್ತು ವಿಳಾಸದ ಬಾಲದ ಜೊತೆ ಇಟ್ಟು ನೋಡಿದರೆ ಕಥೆ ಪೂರ್ತಿಯಾಗುತ್ತದೆ. web.archive.org ನಲ್ಲಿ ಆ ಪುಟದ ಹಳೆಯ ಪ್ರತಿ ಇದೆಯೇ ಎಂದೂ ನೋಡಬಹುದು. ಜಿಲ್ಲಾ ತಾಣಗಳದು ಅಲ್ಲಿ ಸಿಗುವುದು ಅಪರೂಪ. ಮುಂದಿನ ಸಲ ಅನುಮಾನ ಬಂದ ಕೂಡಲೇ ನೀವೇ ಅಲ್ಲಿ ಪುಟವನ್ನು ಉಳಿಸಿಬಿಡಿ.

ಇಲ್ಲಿ ತಾಣದವರ ಕಷ್ಟವನ್ನೂ ಹೇಳಬೇಕು. ಓಡುತ್ತಿರುವ ಸುದ್ದಿಯಲ್ಲಿ ಸಂಖ್ಯೆ ಬದಲಾಗುವುದು ಸಹಜ. ಕಾಗುಣಿತ ತಿದ್ದಿದ್ದಕ್ಕೆ ಟಿಪ್ಪಣಿ ಯಾರೂ ಕೇಳುವುದಿಲ್ಲ. ಆದರೆ ಓದಿದವನು ಏನಾದರೊಂದು ಮಾಡಿಬಿಡುವಂಥ ಅಂಶ, ಅಂದರೆ ದಿನಗಳ ಲೆಕ್ಕ, ವ್ಯಕ್ತಿಯ ಹೆಸರು, ಊರು, ಆರೋಪ, ಬೆಲೆ ಬದಲಾದರೆ ಮೊದಲು ಏನಿತ್ತು ಎಂದು ಹೇಳಲೇಬೇಕು. ‘ಅಪ್‌ಡೇಟ್ ಮಾಡಲಾಗಿದೆ, ರಾತ್ರಿ 9.42’ ಎಂಬುದು ತಿದ್ದುಪಡಿ ಅಲ್ಲ. ‘ಮೊದಲು ಹತ್ತು ದಿನ ಎಂದು ತಪ್ಪಾಗಿ ಪ್ರಕಟವಾಗಿತ್ತು, ಮೂರು ದಿನ ಎಂದಾಗಬೇಕು’ ಎಂದರೆ ಅದು ತಿದ್ದುಪಡಿ. ಬೆಳಿಗ್ಗೆ ಓದಿ ಬೆಳೆ ಮಾರಿದವನಿಗೆ ಮೊದಲನೆಯದರಿಂದ ಏನೂ ತಿಳಿಯುವುದಿಲ್ಲ.

ಇನ್ನು ಎರಡು ಎಚ್ಚರಿಕೆ. ಸಂಪಾದಕ, ಮಾಲೀಕ, ನೀತಿ ಮೂರೂ ಇದ್ದರೆ ಸುದ್ದಿ ನಿಜವಾಗಿಬಿಡುವುದಿಲ್ಲ. ಹೆಸರು ಹಾಕಿಕೊಂಡೇ ಪಕ್ಷದ ಕೆಲಸ ಮಾಡುವ ತಾಣಗಳಿವೆ. ತಪ್ಪಾದಾಗ ಹಿಡಿಯಲು ಒಂದು ಕೈ ಸಿಗುತ್ತದೆ, ಅಷ್ಟೇ ಲಾಭ. ಹಾಗೆಯೇ, ಒಬ್ಬರೇ ನಡೆಸುವ ಬಂಗಾರಪೇಟೆಯ ಅಥವಾ ಗೌರಿಬಿದನೂರಿನ ಪುಟ್ಟ ತಾಣದಲ್ಲಿ ನೀತಿಯ ಪುಟ ಇಲ್ಲದೆಯೂ ಹೆಸರು, ಫೋನ್ ನಂಬರ್ ಇದ್ದು, ಕರೆ ಮಾಡಿದರೆ ಎತ್ತಿ ಮಾತಾಡಿ, ತಪ್ಪಿದ್ದರೆ ತಿದ್ದುವವರಿದ್ದರೆ, ನಾನು ಅವರನ್ನು ಇಂಗ್ಲಿಷ್‌ನಲ್ಲಿ ಎಂಟು ನೀತಿಪುಟ ಅಂಟಿಸಿಕೊಂಡವರಿಗಿಂತ ಮೇಲೆ ಇಡುತ್ತೇನೆ.

ನಿಮ್ಮ ತಾಣಕ್ಕೆ ಕೊನೆಯ ಒಂದು ಪರೀಕ್ಷೆ ಬಾಕಿ ಇದೆ. ‘ಸಂಪರ್ಕಿಸಿ’ ಪುಟದ ಇಮೇಲ್‌ಗೆ ಲಿಂಕ್ ಮತ್ತು ಎರಡೂ ಸ್ಕ್ರೀನ್‌ಶಾಟ್ ಸೇರಿಸಿ ನಾಲ್ಕು ಸಾಲು ಬರೆಯಿರಿ: ಬೆಳಿಗ್ಗೆ ಹತ್ತು ದಿನ ಎಂದಿತ್ತು, ಈಗ ಮೂರು ದಿನ ಎಂದಿದೆ, ಈ ಮಾಹಿತಿ ಕೊಟ್ಟವರು ಯಾರು, ತಿದ್ದುಪಡಿ ಟಿಪ್ಪಣಿ ಯಾಕಿಲ್ಲ. ಮೇಲ್ ತಲುಪದೆ ವಾಪಸು ಬಂದರೆ ತೀರ್ಮಾನ ಅಂದೇ ಆಯಿತು. ತಲುಪಿದರೆ 15 ದಿನ ಕಾಯಿರಿ. ಸುದ್ದಿಯ ಕೆಳಗೆ ಒಂದು ಸಾಲು ಟಿಪ್ಪಣಿ ಬಿದ್ದರೆ, ಸಂಪಾದಕರ ಹೆಸರಿಲ್ಲದಿದ್ದರೂ ಆ ತಾಣದ ಬಗ್ಗೆ ನನ್ನ ಅಭಿಪ್ರಾಯ ಅರ್ಧ ಬದಲಾಗುತ್ತದೆ. ನಿಮ್ಮನ್ನು ಬ್ಲಾಕ್ ಮಾಡಿದರೆ ಅಥವಾ ಸುದ್ದಿಯನ್ನೇ ಅಳಿಸಿದರೆ, ಗ್ರೂಪಿನಲ್ಲಿ ಆ ವಾಟ್ಸಾಪ್ ಚೌಕವನ್ನೂ ಈಗಿನ ತಲೆಬರಹವನ್ನೂ ಅಕ್ಕಪಕ್ಕ ಇಟ್ಟು ಒಂದೇ ಚಿತ್ರ ಮಾಡಿ ಹಾಕಿ.